ಕೇಸ್ ಶೀಟಿನಿಂದ ಪ್ರಕರಣ ವರದಿಗೆ

ಆಸ್ಪತ್ರೆಯ ಕೇಸ್ ಶೀಟ್ ಹಲವು ಕೈಗಳ ಬರಹ. ಪಾಳಿಯ ಮೇಲೆ ಬಂದ ವೈದ್ಯರು, ದಾದಿಯರು ಕಂಡದ್ದನ್ನು ಕಂಡ ಹೊತ್ತಿಗೆ ಬರೆದಿಡುತ್ತಾರೆ. ವೈದ್ಯಕೀಯ ಜರ್ನಲ್‌ಗೆ ಕಳಿಸುವ ಪ್ರಕರಣ ವರದಿಗೆ ಅದರಿಂದ ಹೆಕ್ಕಬೇಕಾದದ್ದು ಸ್ವಲ್ಪವೇ: ಈ ರೋಗಿಯಿಂದ ಉಳಿದ ವೈದ್ಯರು ಕಲಿಯಬೇಕಾದದ್ದು.

ಮಲೆನಾಡಿನ ಒಂದು ಕಲ್ಪಿತ ಪ್ರಕರಣವನ್ನು ನೋಡಬಹುದು. ಕಾಫಿ ತೋಟದ ಕಾರ್ಮಿಕರೊಬ್ಬರಿಗೆ ಹಾವು ಕಚ್ಚಿದೆ. ಗರಗಸ ಮಂಡಲವೆಂದು ತಿಳಿದು 10 ಸೀಸೆ ಪ್ರತಿವಿಷ, 6 ಗಂಟೆಯ ನಂತರ ಇನ್ನೂ 10 ಸೀಸೆ ಕೊಟ್ಟರೂ ರಕ್ತ ಹೆಪ್ಪುಗಟ್ಟಲಿಲ್ಲ. ಸತ್ತ ಹಾವನ್ನು ತಜ್ಞರು ಪರೀಕ್ಷಿಸಿದಾಗ ಅದು ಉಬ್ಬುಮೂಗಿನ ಗುಳಿಮಂಡಲ. ಭಾರತದ ಬಹುವಿಷ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷ ಬಳಸಿ, ಗುಳಿಮಂಡಲ ಅದರಲ್ಲಿಲ್ಲ.

ಮೊದಲು ಬರೆಯಲು ಸುಲಭವಾದದ್ದು ಪ್ರಕರಣದ ವಿವರ. ಕಡತದ ತಾರೀಖುಗಳು ಇಲ್ಲಿ 'ಕಚ್ಚಿದ 2 ಗಂಟೆಗೆ', '3ನೇ ದಿನ' ಎಂದಾಗುತ್ತವೆ. ಹೀಗೆ ಮಾಡಿದರೆ ರೋಗಿಯ ಗುರುತೂ ಮರೆಯಾಗುತ್ತದೆ, ವಿಷ ಏರಿದ ಗತಿಯೂ ಕಾಣುತ್ತದೆ. 'ರಕ್ತ ಹೆಪ್ಪುಗಟ್ಟಲಿಲ್ಲ' ಎಂದಷ್ಟೇ ಬರೆದರೆ ಸಾಲದು. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಬಾಗಿಸಿ ನೋಡಿದ ಪರೀಕ್ಷೆಯನ್ನು ಯಾವ ಯಾವ ಹೊತ್ತಿಗೆ ಮಾಡಲಾಯಿತು, ಪ್ರತಿ ಸಲ ಏನು ಬಂತು ಎಂಬುದು ಬೇಕು. ಈ ಹಾವಿನ ವಿಷ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು, ಹಾಗಾಗಿ ಕ್ರಿಯಾಟಿನಿನ್ ಸಹಜವಾಗಿದ್ದರೂ ಬಿಡುವಂತಿಲ್ಲ. ಎದೆಯ ಎಕ್ಸ್‌ರೇ ಸಹಜವಾಗಿದ್ದರೆ ಅದನ್ನು ಬಿಡಬಹುದು. ಹಾವನ್ನು ಗುರುತಿಸಿದ್ದು ಹೇಗೆ ಎಂಬುದನ್ನು ಮಾತ್ರ ವಿಸ್ತಾರವಾಗಿ ಬರೆಯಬೇಕು. ಇವೆರಡು ಹಾವುಗಳನ್ನು ಅದಲುಬದಲು ಮಾಡಿಕೊಳ್ಳುವುದು ಸಾಮಾನ್ಯ. ಹಾವಿನ ತಲೆಯ ಸ್ಪಷ್ಟ ಚಿತ್ರವಿಲ್ಲದಿದ್ದರೆ ಇಡೀ ವರದಿಯೇ ಬಿದ್ದುಹೋಗುತ್ತದೆ.

ಹೆಚ್ಚಿನವರು ಎಡವುವುದು ಚರ್ಚೆಯ ಭಾಗದಲ್ಲಿ. ಪಠ್ಯಪುಸ್ತಕದ ಹಾವು ಕಡಿತದ ಅಧ್ಯಾಯವನ್ನೇ ಅಲ್ಲಿ ತುಂಬುತ್ತಾರೆ. ಅಲ್ಲಿ ಬೇಕಾದದ್ದು ವಾದ: ಪ್ರತಿವಿಷ ಕೆಲಸ ಮಾಡದ್ದಕ್ಕೆ ಬೇರೆ ಕಾರಣವಿರಬಹುದೇ, ಪ್ರಮಾಣ ಸಾಲದಾಯಿತೇ, ಕೊಟ್ಟದ್ದು ತಡವಾಯಿತೇ ಎಂದು ಒಂದೊಂದನ್ನೇ ಪರಿಶೀಲಿಸಿ, ಹಿಂದೆ ಪ್ರಕಟವಾದ ಪ್ರಕರಣಗಳ ಜತೆ ಹೋಲಿಸಬೇಕು. ರೋಗಿ ಚೇತರಿಸಿಕೊಂಡರು ಎಂಬ ಕಾರಣಕ್ಕೆ, ಕೊನೆಗೆ ಕೊಟ್ಟ ಚಿಕಿತ್ಸೆಯೇ ಗುಣಪಡಿಸಿತು ಎನ್ನುವಂತಿಲ್ಲ. ಒಬ್ಬ ರೋಗಿಯಿಂದ ಅದು ಸಾಬೀತಾಗುವುದಿಲ್ಲ. 'ಇದೇ ಮೊದಲ ಪ್ರಕರಣ' ಎಂಬ ಮಾತೂ ಅಪಾಯಕಾರಿ. ಕೇರಳದಿಂದ ಇಂಥ ವರದಿಗಳು ಆಗಲೇ ಬಂದಿವೆ.

ಪೀಠಿಕೆಯನ್ನು ಕೊನೆಗೆ ಬರೆಯುವುದು ಜಾಣತನ. ಈ ಹಾವಿನ ಬಗ್ಗೆ ಗೊತ್ತಿರುವುದೇನು, ಈ ಪ್ರಕರಣ ಏಕೆ ಎಂದು ನಾಲ್ಕೈದು ವಾಕ್ಯ ಸಾಕು. ಬಿಟ್ಟುಹೋದದ್ದನ್ನು ಹುಡುಕಲು 2013ರಲ್ಲಿ ಪ್ರಕಟವಾದ 'ಕೇರ್' ಮಾರ್ಗಸೂಚಿಯ ಪಟ್ಟಿಯಿದೆ.

ಒಪ್ಪಿಗೆ ಪತ್ರಕ್ಕೆ ರೋಗಿ ಮನೆಗೆ ಹೋಗುವ ಮುನ್ನವೇ ಸಹಿ ಪಡೆಯಬೇಕು. ಅದಿಲ್ಲದ ಹಸ್ತಪ್ರತಿಯನ್ನು ಹೆಚ್ಚಿನ ಜರ್ನಲ್‌ಗಳು ಸ್ವೀಕರಿಸುವುದಿಲ್ಲ.