ಸ್ಟೋರ್ಸಿನಲ್ಲಿ ಮಾವ, ಅಕೌಂಟ್ಸಿಗೆ ಸೊಸೆಯ ಅರ್ಜಿ

ತಿಪಟೂರಿನ ಕಡೆಯ ಒಬ್ಬ ಹುಡುಗಿ ಎಂದುಕೊಳ್ಳಿ. ಬಿ.ಕಾಂ. ಮುಗಿಸಿ ಎರಡು ವರ್ಷ ಒಬ್ಬ ಆಡಿಟರ್ ಬಳಿ ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಂದು ಕೈ ಪಳಗಿಸಿಕೊಂಡಿದ್ದಾಳೆ. ಪೀಣ್ಯದ ಒಂದು ಕಾರ್ಖಾನೆಗೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿದೆ. ಸುದ್ದಿ ತಂದದ್ದು ಅವಳ ತಾಯಿಯ ತಮ್ಮ. ಅವರು ಅದೇ ಕಾರ್ಖಾನೆಯ ಸ್ಟೋರ್ಸ್ ಇನ್‌ಚಾರ್ಜ್. ಅರ್ಜಿಯ ಜೊತೆಗಿನ ಪತ್ರ ಬರೆಯಲು ಕೂತಾಗ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. “ಮಾವನ ಹೆಸರು ಮೊದಲ ಸಾಲಲ್ಲೇ ಹಾಕಮ್ಮ, ಕೆಲಸ ಆಗುತ್ತೆ” ಎನ್ನುತ್ತಾರೆ ಅಪ್ಪ. “ನನ್ನ ಹೆಸರೇ ಎತ್ತಬೇಡ, ವಶೀಲಿ ಅಂದ್ಕೋತಾರೆ” ಎನ್ನುತ್ತಾರೆ ಮಾವ.

ಇಬ್ಬರ ಮಾತಿನಲ್ಲೂ ಮುಖ್ಯವಾದ ಒಂದು ಸಂಗತಿ ತಪ್ಪಿಹೋಗಿದೆ. ಪತ್ರ ಓದುವ ಎಚ್‌ಆರ್‌ಗೆ ಇಲ್ಲಿ ಎರಡು ಪ್ರಶ್ನೆಗಳಿವೆ. ಈ ಹುಡುಗಿಯನ್ನು ಆರಿಸುವಾಗ ಮಾವನ ಕೈವಾಡ ಇತ್ತೇ ಎಂಬುದು ಮೊದಲನೆಯದು, ಎಲ್ಲರಿಗೂ ಹೊಳೆಯುವಂಥದ್ದು. ಅವಳನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕು ಎಂಬುದು ಎರಡನೆಯದು. ನನ್ನ ಪ್ರಕಾರ ಅದೇ ಹೆಚ್ಚು ತೂಕದ್ದು.

ಕಾರ್ಖಾನೆಗೆ ಸರಕು ಬಂದಾಗ ಸ್ಟೋರ್ಸಿನವರು ಎಣಿಸಿ, ತೂಗಿ, ಇಷ್ಟು ಬಂತು ಎಂದು ಜಿಆರ್‌ಎನ್ ಬರೆಯುತ್ತಾರೆ. ಅಕೌಂಟ್ಸಿನಲ್ಲಿ ಸಪ್ಲೈಯರ್ ಬಿಲ್ ನೋಡುವವರು ಮೂರು ಕಾಗದ ಪಕ್ಕಪಕ್ಕ ಇಟ್ಟುಕೊಳ್ಳುತ್ತಾರೆ: ನಾವು ಕೇಳಿದ್ದೆಷ್ಟು ಎನ್ನುವ ಪರ್ಚೇಸ್ ಆರ್ಡರ್, ಬಂದದ್ದೆಷ್ಟು ಎನ್ನುವ ಜಿಆರ್‌ಎನ್, ಹಣ ಕೇಳುತ್ತಿರುವುದೆಷ್ಟು ಎನ್ನುವ ಇನ್ವಾಯ್ಸ್. ಮೂರೂ ತಾಳೆಯಾದರೆ ಮಾತ್ರ ಹಣ ಬಿಡುಗಡೆ. ಎಂಬತ್ತು ಮೂಟೆ ಬಂದಲ್ಲಿ ನೂರು ಎಂದು ಸ್ಟೋರ್ಸಿನವರೇ ಬರೆದುಬಿಟ್ಟರೆ ಕಾಗದಗಳೇನೋ ತಾಳೆಯಾಗುತ್ತವೆ. ಆಗ ಅನುಮಾನ ಬಂದು ಗೋದಾಮಿಗೆ ಫೋನ್ ಮಾಡಬೇಕಾದವರು ಅಕೌಂಟ್ಸಿನವರೇ. ಸ್ಟೋರ್ಸಿನಲ್ಲಿ ಮಾವ, ಬಿಲ್ ಪಾಸು ಮಾಡುವ ಮೇಜಿನಲ್ಲಿ ಸೊಸೆ ಇದ್ದರೆ ಆ ಫೋನ್ ಹೋಗುತ್ತದೆಯೇ? ಇಬ್ಬರೂ ಚಿನ್ನದಂಥವರೇ ಇರಬಹುದು. ಆದರೂ ವರ್ಷದ ಕೊನೆಗೆ ಬರುವ ಆಡಿಟರ್ ಅವರ ಒಳ್ಳೆಯತನವನ್ನು ದಾಖಲೆ ಎಂದು ಒಪ್ಪುವುದಿಲ್ಲ. ಸಂಬಂಧ ಮೊದಲೇ ತಿಳಿದಿದ್ದರೆ ಪರಿಹಾರ ಸುಲಭ: ಹುಡುಗಿಗೆ ಗಿರಾಕಿಗಳಿಂದ ಬರಬೇಕಾದ ಬಾಕಿಯ ಲೆಕ್ಕ ಕೊಡುತ್ತಾರೆ, ಅಥವಾ ಸಂಬಳದ ಲೆಕ್ಕಕ್ಕೆ ಹಾಕುತ್ತಾರೆ.

ಇನ್ನು ಪತ್ರದಲ್ಲಿ ಏನೆಂದು ಬರೆಯುವುದು? ನಮ್ಮ ಸಂಬಂಧವಾಚಕ ಪದಗಳು ಇಲ್ಲಿ ಕೈಕೊಡುತ್ತವೆ. ಮಾವ ಎಂದರೆ ತಾಯಿಯ ತಮ್ಮನೂ ಹೌದು, ಸೋದರತ್ತೆಯ ಗಂಡನೂ ಹೌದು, ಗಂಡನ ತಂದೆಯೂ ಹೌದು. ದೊಡ್ಡಪ್ಪನ ಮಗನೂ ಅಣ್ಣ, ಒಡಹುಟ್ಟಿದವನೂ ಅಣ್ಣ, ಪಕ್ಕದ ಮನೆಯವನೂ ಅಣ್ಣ. ಇಂಗ್ಲಿಷಿನಲ್ಲಿ ಬರೆದರೂ ತಾಪತ್ರಯ ತಪ್ಪದು. ‘ಅಂಕಲ್’ ಎಂದರೆ ಅಪ್ಪನ ಗೆಳೆಯನಿರಬಹುದು, ‘ಕಸಿನ್’ ಎಂದರೆ ಯಾರು ಬೇಕಾದರೂ ಆಗಬಹುದು. ಆದ್ದರಿಂದ ಸಂಬಂಧದ ಹೆಸರು ಬಿಟ್ಟು ದಾರಿಯನ್ನೇ ಬರೆಯಬೇಕು: ತಾಯಿಯ ತಮ್ಮ, ಅಕ್ಕನ ಗಂಡ, ತಂದೆಯ ಅಣ್ಣನ ಮಗ. ಹೀಗೆ ಬರೆದರೆ ಬೇರೆ ರಾಜ್ಯದ ಎಚ್‌ಆರ್‌ಗೂ ಗೊಂದಲವಿಲ್ಲ.

ಎಷ್ಟು ದೂರದ ನಂಟರ ತನಕ ಹೇಳಬೇಕು ಎಂಬುದು ಮುಂದಿನ ತಕರಾರು. 2013ರ ಕಂಪನಿ ಕಾಯ್ದೆಯಲ್ಲಿ ‘ಸಂಬಂಧಿ’ ಎಂದರೆ ಯಾರು ಎಂಬ ಪಟ್ಟಿ ಇದೆ. ಗಂಡ ಹೆಂಡತಿ, ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು, ತಂದೆ ತಾಯಿ, ಮಗ ಮಗಳು, ಸೊಸೆ ಅಳಿಯ, ಅಣ್ಣತಮ್ಮ, ಅಕ್ಕತಂಗಿ ಅದರಲ್ಲಿ ಬರುತ್ತಾರೆ. ಸೋದರಮಾವ ಇಲ್ಲ! ನಮ್ಮಲ್ಲಿ ಮದುವೆಯ ಮಾತುಕತೆಯಲ್ಲಿ ಮೊದಲು ಕೂರುವವರೇ ಅವರು. ಆದರೆ ಆ ಪಟ್ಟಿ ಇರುವುದು ನಿರ್ದೇಶಕರಂಥವರ ಬಂಧುಗಳೊಡನೆ ಕಂಪನಿ ನಡೆಸುವ ವ್ಯವಹಾರಗಳ ಸಲುವಾಗಿ. ಸಾಮಾನ್ಯ ನೌಕರಿಯ ಅರ್ಜಿಗೆ ಆಯಾ ಕಂಪನಿಯ ನಿಯಮವೇ ಅಳತೆ, ಅದು ಎಷ್ಟೋ ಕಡೆ ಕಾಯ್ದೆಗಿಂತ ಅಗಲವಾಗಿರುತ್ತದೆ. ನಿಯಮ ಗೊತ್ತಿಲ್ಲದಾಗ ನಾನು ಹೇಳುವ ಅಳತೆ ಇಷ್ಟೇ: ಅವರ ಮನೆಯ ಮದುವೆಗೆ ನೀವು ರಜೆ ಹಾಕುವುದು ಖಂಡಿತ ಎಂದಾದರೆ, ಬರೆಯಿರಿ.

ಆ ಹುಡುಗಿಯ ಪತ್ರದಲ್ಲಿ ಈ ಭಾಗ ಹೀಗಿರಬಹುದು:

“ತಮ್ಮ ಸ್ಟೋರ್ಸ್ ವಿಭಾಗದ ಮೇಲ್ವಿಚಾರಕರು ನನ್ನ ತಾಯಿಯ ತಮ್ಮ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಈ ಹುದ್ದೆ ಖಾಲಿ ಇರುವುದು ನನಗೆ ಅವರಿಂದಲೇ ತಿಳಿಯಿತು. ಆಯ್ಕೆಯಲ್ಲಿ ಅವರಿಗೆ ಯಾವ ಪಾತ್ರವೂ ಇಲ್ಲವೆಂದು ತಿಳಿದಿದ್ದೇನೆ. ಅವರ ವಿಭಾಗದ ಲೆಕ್ಕಗಳಿಗೆ ಸಂಬಂಧಿಸದ ಕೆಲಸ ವಹಿಸಿದರೆ ಒಪ್ಪಿಕೊಳ್ಳುತ್ತೇನೆ.”

ನಾಲ್ಕೇ ವಾಕ್ಯ, ಜೊತೆಗೆ ಮಾವನ ಪೂರ್ಣ ಹೆಸರು. ಇದರ ಜಾಗ ಓದು ಮತ್ತು ಅನುಭವ ಹೇಳಿದ ಮೇಲೆ, ಮುಕ್ತಾಯದ ಸಾಲಿಗೆ ಮುಂಚೆ. ಮೊದಲ ಸಾಲಿಗೆ ಏರಿಸಿದರೆ ಶಿಫಾರಸಿನಂತೆ ಕಾಣುತ್ತದೆ, ಸಹಿಯ ಕೆಳಗೆ ತುರುಕಿದರೆ ಅಳುಕಿನಂತೆ. ಮಾವನ ಗುಣಗಾನದ ಒಂದು ಪದವೂ ಬೇಡ. “ಇಪ್ಪತ್ತು ವರ್ಷದಿಂದ ನಿಷ್ಠೆಯಿಂದ ದುಡಿಯುತ್ತಿರುವ” ಎಂದು ಸೇರಿಸಿದ ಕೂಡಲೇ ತಿಳಿವಳಿಕೆಗಾಗಿ ಹೇಳಿದ ಮಾತು ವಶೀಲಿಯಾಗಿಬಿಡುತ್ತದೆ. ಕಂಪನಿಯ ಅರ್ಜಿ ನಮೂನೆಯಲ್ಲೂ ‘ಇಲ್ಲಿ ಬಂಧುಗಳಿದ್ದಾರೆಯೇ’ ಎಂಬ ಕಾಲಂ ಇದ್ದರೆ ಅಲ್ಲೂ ಇದೇ ವಿವರ ಇರಬೇಕು. ಪತ್ರದಲ್ಲಿ ಹೌದು, ನಮೂನೆಯಲ್ಲಿ ಖಾಲಿ ಎಂದಾದರೆ ಬರೆದೂ ಕೆಟ್ಟಂತೆ.

ಬರೆಯದಿದ್ದರೆ ಗೊತ್ತಾಗುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಬಹಳ ಜನರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಅಷ್ಟೇ. ಹೆಸರು ನೋಡಿ ಯಾರೂ ನಂಟು ಹಿಡಿಯಲಾರರು, ನಿಜ. ಹಿಡಿದುಕೊಡುವವು ಬೇರೆ ಇವೆ. ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬಲ್ಲಿ ಮಾವನ ಫೋನ್ ನಂಬರ್, ಬೆಂಗಳೂರಿನ ವಿಳಾಸ ಎಂದು ಕೊಟ್ಟ ಮಾವನ ಮನೆ, ಒಂದೇ ಗೃಹಪ್ರವೇಶಕ್ಕೆ ಇಬ್ಬರೂ ಹಾಕಿದ ರಜೆ. ಸಾಮಾನ್ಯವಾಗಿ ನೇಮಕಾತಿ ಪತ್ರದಲ್ಲಿ, ಮಾಹಿತಿ ಮುಚ್ಚಿಟ್ಟದ್ದು ಕಂಡುಬಂದರೆ ಕೆಲಸದಿಂದ ತೆಗೆಯಬಹುದು ಎಂಬ ಷರತ್ತು ಇರುತ್ತದೆ. ಆಗ ಚರ್ಚೆ ಅವಳ ಲೆಕ್ಕದ ಜಾಣ್ಮೆಯ ಮೇಲಲ್ಲ, ಯಾಕೆ ಹೇಳಲಿಲ್ಲ ಎಂಬುದರ ಮೇಲೆ.

ಹೇಳುವ ಹೊಣೆ ಹುಡುಗಿಯದಷ್ಟೇ ಅಲ್ಲ, ಮಾವನದೂ ಹೌದು. ಇದರ ಹಿಂದಿನ ತರ್ಕವನ್ನು ಸುಪ್ರೀಂ ಕೋರ್ಟ್ 1985ರಲ್ಲಿ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಹರಿಯಾಣ ಲೋಕಸೇವಾ ಆಯೋಗದ ಆಯ್ಕೆಯಲ್ಲಿ ಸದಸ್ಯರ ಬಂಧುಗಳೂ ಇದ್ದರು ಎಂಬುದು ಅಲ್ಲಿನ ದೂರುಗಳಲ್ಲೊಂದು. ಪಕ್ಷಪಾತ ನಡೆದೇ ಇದೆ ಎಂದು ಸಾಬೀತಾಗಬೇಕಿಲ್ಲ, ನಡೆಯಬಹುದಾದ ಸಂಭವವಿದ್ದರೆ ಸಾಕು ಎಂದಿತು ಕೋರ್ಟ್. ಸಾಮಾನ್ಯ ಆಯ್ಕೆ ಸಮಿತಿಯ ಸದಸ್ಯರಿಗೆ ಬಂಧುವೊಬ್ಬ ಅಭ್ಯರ್ಥಿಯಾಗಿದ್ದರೆ ಅವರು ಇಡೀ ಪ್ರಕ್ರಿಯೆಯಿಂದ ಹಿಂದೆ ಸರಿಯಬೇಕು. ಲೋಕಸೇವಾ ಆಯೋಗದ ಸದಸ್ಯರಾದರೆ ಕನಿಷ್ಠ ಆ ಬಂಧುವಿನ ಸಂದರ್ಶನದಿಂದ ಏಳಬೇಕು, ಅವರ ಬಗೆಗಿನ ಚರ್ಚೆಗೂ ಕೂರಬಾರದು. ಅದು ಸರ್ಕಾರಿ ಆಯ್ಕೆಗೆ ಹೇಳಿದ್ದು, ಪೀಣ್ಯದ ಕಾರ್ಖಾನೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಏಳಬೇಕಾದವರು ಏಳುವುದಕ್ಕೆ ನಂಟು ಮೊದಲು ಗೊತ್ತಿರಬೇಕಷ್ಟೆ. ಸಂದರ್ಶನಕ್ಕೆ ಮುಂಚೆ ಮಾವ ತಮ್ಮ ಮ್ಯಾನೇಜರಿಗೆ ಒಂದು ಮೇಲ್ ಕಳಿಸಿ, ಆಮೇಲೆ ಆ ಹುದ್ದೆಯ ಮಾತೇ ಎತ್ತದಿದ್ದರೆ ಅವರ ಪಾಲು ಮುಗಿಯಿತು. ಸಂದರ್ಶನದಲ್ಲಿ ಏನು ಕೇಳಬಹುದು ಎಂದು ಸಂಜೆ ಮನೆಯಲ್ಲಿ ಕೂತು ಹೇಳಿಕೊಟ್ಟರೆ ಮಾತ್ರ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅರ್ಜಿ ತಿರಸ್ಕೃತವಾಗಬಹುದು. ಒಂದೇ ವಿಭಾಗದಲ್ಲಿ ಬಂಧುಗಳು ಬೇಡ ಎನ್ನುವ ಕಂಪನಿಗಳಿವೆ, ನಂಟರೇ ಬೇಡ ಎನ್ನುವ ಕಡೆಗಳೂ ಇವೆ. ಸಣ್ಣ ಕಾರ್ಖಾನೆಯ ಅಕೌಂಟ್ಸಿನಲ್ಲಿ ಇರುವುದೇ ಇಬ್ಬರಾದರೆ ಕುರ್ಚಿ ಬದಲಿಸುವ ಮಾತೂ ನಡೆಯದು, ಎಲ್ಲರೂ ಎಲ್ಲ ಬಿಲ್ಲನ್ನೂ ನೋಡಲೇಬೇಕು. ಆಗ ಅವಳಿಗೆ ಬೇಸರವಾಗುತ್ತದೆ, ಮಾವನಿಗೆ ‘ನಾನು ಹೇಳಲಿಲ್ಲವೇ’ ಎನ್ನುವ ಅವಕಾಶ ಸಿಗುತ್ತದೆ. ಆದರೆ ಹೀಗೆ ಇಲ್ಲ ಎನ್ನಿಸಿಕೊಂಡ ದಿನ ಅವಳು ಇನ್ನೂ ಆಡಿಟರ್ ಬಳಿಯ ಕೆಲಸ ಬಿಟ್ಟಿರುವುದಿಲ್ಲ, ಬೆಂಗಳೂರಿನಲ್ಲಿ ಪಿ.ಜಿ.ಗೆ ಅಡ್ವಾನ್ಸ್ ಕೊಟ್ಟಿರುವುದಿಲ್ಲ, ಮಾವನ ಸೀಟಿಗೂ ಏನೂ ಆಗಿರುವುದಿಲ್ಲ.