ಒಂದೇ ಕತ್ತರಿ, ಒಂದೇ ಏಟು

ಚಳ್ಳಕೆರೆ ಸೀಮೆಯ ಕಂಬಳಿಗೆ ಬೇಕಾದ ಕರಿ ಉಣ್ಣೆ ಕೊಡುವುದು ಡೆಕ್ಕನಿ ಕುರಿ. ಇದರ ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ತೆಗೆಯುತ್ತಾರೆ: ಬೇಸಿಗೆ ಬಲಿಯುವ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ. ಜಡಿಮಳೆಯಲ್ಲಿ ಬೋಳಾದ ಕುರಿ ಶೀತಕ್ಕೆ ಸಿಕ್ಕಿ ನರಳುತ್ತದೆ.

ಮೊದಲು ಕೆರೆಯಲ್ಲಿ ಮೈ ತೊಳೆದು, ಧೂಳಿಲ್ಲದ ಜಾಗದಲ್ಲಿ ಒಂದೆರಡು ದಿನ ಒಣಗಲು ಬಿಡಬೇಕು. ಹಸಿ ಉಣ್ಣೆಯನ್ನು ಚೀಲಕ್ಕೆ ತುಂಬಿದರೆ ಬಿಸಿಯೇರಿ ಮುಗ್ಗುತ್ತದೆ. ಕೈ ಹಾಕಿದರೆ ಬೆಚ್ಚಗೆ, ಮೂಗಿಗೆ ಮುಗ್ಗಲು ವಾಸನೆ.

ಹೊಟ್ಟೆ ತುಂಬ ಮೇದ ಕುರಿಯನ್ನು ಕೆಡವಬಾರದು, ಈಯುವ ದಿನ ಹತ್ತಿರವಾದದ್ದನ್ನಂತೂ ಮುಟ್ಟಲೇಬಾರದು. ಎಡಗೈಯಿಂದ ಚರ್ಮ ಬಿಗಿಹಿಡಿದು, ಕತ್ತರಿಯನ್ನು ಮೈಗೆ ಒತ್ತಿ ಒಂದೇ ಏಟಿಗೆ ಕತ್ತರಿಸಬೇಕು. ಉಳಿದ ಕುಚ್ಚಿನ ಮೇಲೆ ಮತ್ತೆ ಕತ್ತರಿ ಆಡಿಸಿದರೆ ಬರುವುದು ತುಂಡು ಎಳೆ. ನೂಲುವಾಗ ಅದು ಉದುರಿಹೋಗುತ್ತದೆ, ವ್ಯಾಪಾರಿಯ ಕಣ್ಣಿಗೂ ಬೀಳುತ್ತದೆ. ಗಾಯವಾದರೆ ಕೂಡಲೇ ಬೇವಿನೆಣ್ಣೆ ಹಚ್ಚಬೇಕು, ಇಲ್ಲವಾದರೆ ಹುಳು ಬೀಳುತ್ತದೆ.

ಬೆಲೆ ತಗ್ಗುವುದು ಹೆಚ್ಚಾಗಿ ಬೆರಕೆಯಿಂದ. ಹೊಟ್ಟೆ, ಕಾಲು, ಬಾಲದ ಕೊಳಕು ಉಣ್ಣೆ ಬೇರೆ, ಬೆನ್ನಿನದು ಬೇರೆ, ಮರಿಗಳ ಮೊದಲ ಮೆದು ಉಣ್ಣೆ ಬೇರೆ ಇಡಬೇಕು. ಗುರುತಿಗೆ ಬಳಿದ ಡಾಂಬರು ತೊಳೆದರೂ ಹೋಗದು. ಕಿವಿಗೆ ಬಿಲ್ಲೆ ಹಾಕುವುದೇ ಮೇಲು. ಪ್ಲಾಸ್ಟಿಕ್ ಚೀಲದ ಎಳೆಯೂ ಉಣ್ಣೆಗೆ ಸೇರಿಕೊಳ್ಳುವುದರಿಂದ ತುಂಬಲು ಹತ್ತಿಬಟ್ಟೆಯ ಗಂಟೇ ಸರಿ.