ಕಿಲೋಮೀಟರಿಗೆ ಎಂಟು ಸೆಂಟಿಮೀಟರ್

ಹಂಪಿಯಲ್ಲಿ ಕಾಲ್ನಡಿಗೆಯಲ್ಲಿ ಸುತ್ತುವವರ ಕೈಗೆ ಒಂದು ನಕ್ಷೆ ಕೊಡಬೇಕು ಎಂದಿಟ್ಟುಕೊಳ್ಳಿ. ಉತ್ತರಕ್ಕೆ ತುಂಗಭದ್ರೆ, ದಕ್ಷಿಣಕ್ಕೆ ಕಮಲಾಪುರ; ಪಶ್ಚಿಮಕ್ಕೆ ವಿರೂಪಾಕ್ಷ ಗುಡಿ, ಪೂರ್ವಕ್ಕೆ ವಿಜಯವಿಠ್ಠಲ. ಉದ್ದ ನಾಲ್ಕೂವರೆ ಕಿಲೋಮೀಟರ್, ಅಗಲ ಮೂರು ಕಿಲೋಮೀಟರ್ ಜಾಗ ಹಿಡಿದರೆ ಇವೆಲ್ಲ ಅದರೊಳಗೆ ಬರುತ್ತವೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ನಡೆಯಬೇಕಾದ ದೂರ ಸಿಗಬೇಕು. ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದ್ದ ಈ ಲೆಕ್ಕ ಎಷ್ಟೋ ಸಲ ಪ್ರಿಂಟರಿನಿಂದ ಹೊರಬರುವಷ್ಟರಲ್ಲಿ ಕೆಟ್ಟಿರುತ್ತದೆ.

ಮೊದಲು ತೀರ್ಮಾನವಾಗಬೇಕಾದ್ದು ಕಾಗದ. ಎ3 ಹಾಳೆ 297 ಮಿ.ಮೀ. ಅಗಲ, 420 ಮಿ.ಮೀ. ಉದ್ದ. 1:10,000 ಎಂದರೆ ಕಿಲೋಮೀಟರಿಗೆ 10 ಸೆಂ.ಮೀ.; ನಾಲ್ಕೂವರೆ ಕಿಲೋಮೀಟರಿಗೆ 45 ಸೆಂ.ಮೀ. ಬೇಕು, ಹಾಳೆ ಸಾಲದು. 1:12,500ಕ್ಕೆ ಇಳಿಸಿದರೆ ಕಿಲೋಮೀಟರಿಗೆ 8 ಸೆಂ.ಮೀ., ಅಲ್ಲಿಗೆ ನಕ್ಷೆ 24 ಸೆಂ.ಮೀ. ಅಗಲ, 36 ಸೆಂ.ಮೀ. ಉದ್ದವಾಗುತ್ತದೆ. ಹಾಳೆ ನಿಲುವಾಗಿರಲಿ. ಸುತ್ತ ಅಂಚು ಬಿಟ್ಟರೂ ಶೀರ್ಷಿಕೆಗೆ, ಸ್ಕೇಲ್ ಬಾರಿಗೆ ಕೆಳಗೆ ಜಾಗ ಉಳಿಯುತ್ತದೆ.

ಉಚಿತವಾಗಿ ಸಿಗುವ QGIS ತಂತ್ರಾಂಶದಲ್ಲಿ ಇದನ್ನು ಮಾಡುವುದಾದರೆ New Print Layout ತೆರೆದು, ಪುಟವನ್ನು ಎ3 ಎಂದು ನಿಗದಿಮಾಡಿ, ನಕ್ಷೆಯ ಚೌಕಟ್ಟಿಗೆ 240 × 360 ಮಿ.ಮೀ. ಅಳತೆ ಕೊಟ್ಟು, ಕೊನೆಗೆ Scale ಎಂಬಲ್ಲಿ 12500 ಎಂದು ಟೈಪ್ ಮಾಡಬೇಕು. ಈ ಅನುಕ್ರಮ ತಪ್ಪಬಾರದು. ಮೌಸ್‌ನಿಂದ ಹಿಗ್ಗಿಸಿ ಕುಗ್ಗಿಸಿ ಕೂರಿಸಿದರೆ 1:12,387ರಂಥ ಸಂಖ್ಯೆ ಬರುತ್ತದೆ. ಅದನ್ನು ಹಿಡಿದು ಮನಸ್ಸಿನಲ್ಲಿ ದೂರ ಲೆಕ್ಕ ಹಾಕಲು ಯಾರಿಂದಲೂ ಆಗದು.

ಇಲ್ಲೊಂದು ಅಡಗಿರುವ ತಪ್ಪಿದೆ. ಅಂತರ್ಜಾಲದ ನಕ್ಷೆಗಳನ್ನು ಹಿನ್ನೆಲೆಗೆ ಹಾಕಿಕೊಂಡಾಗ ಪ್ರಾಜೆಕ್ಟ್ ಹೆಚ್ಚಾಗಿ EPSG:3857 ಎಂಬ ಪ್ರಕ್ಷೇಪದಲ್ಲಿರುತ್ತದೆ. ಸಮಭಾಜಕದಿಂದ ದೂರ ಹೋದಷ್ಟೂ ಅದು ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಹಂಪಿ ಇರುವ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ ಈ ಹಿಗ್ಗು ಶೇಕಡಾ 3.7ರಷ್ಟು. 12500 ಎಂದು ಕೊಟ್ಟಿದ್ದರೂ ಒಂದು ಕಿಲೋಮೀಟರ್ ಹಾಳೆಯ ಮೇಲೆ 8.3 ಸೆಂ.ಮೀ. ಆಗಿರುತ್ತದೆ. ಪ್ರಾಜೆಕ್ಟನ್ನು EPSG:32643ಕ್ಕೆ ಬದಲಿಸಿದರೆ ಈ ತೊಂದರೆ ಹೋಗುತ್ತದೆ. ಪೂರ್ವ ರೇಖಾಂಶ 72ರಿಂದ 78 ಡಿಗ್ರಿವರೆಗಿನ ವಲಯ ಅದು. ಕರ್ನಾಟಕದ ಬಹುಭಾಗ ಅದರಲ್ಲೇ ಬರುತ್ತದೆ.

ಸ್ಪಷ್ಟತೆಯ ವಿಷಯಕ್ಕೆ ಬಂದರೆ Export resolution 300 ಡಿಪಿಐ ಇದ್ದರೆ ಸಾಕು. ಆಗ ಕಾಗದದ ಮೇಲಿನ ಒಂದು ಚುಕ್ಕೆ ನಮ್ಮ ಸ್ಕೇಲಿನಲ್ಲಿ ನೆಲದ ಸುಮಾರು ಒಂದು ಮೀಟರಿಗೆ ಸಮ. ಅದಕ್ಕಿಂತ ಹೆಚ್ಚಿಸಿದರೆ ಫೈಲ್ ದೊಡ್ಡದಾಗುತ್ತದೆ ಅಷ್ಟೇ, ಇಲ್ಲದ ವಿವರ ಹುಟ್ಟುವುದಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದೊಂದು ಚೌಕ ನೆಲದ ಮೇಲೆ 10 ಮೀಟರ್. ನಮ್ಮ ಹಾಳೆಯಲ್ಲಿ ಅದು 0.8 ಮಿ.ಮೀ. ಆಗುತ್ತದೆ, ಎಷ್ಟು ಡಿಪಿಐ ಕೊಟ್ಟರೂ ಕಣ್ಣಿಗೆ ಕಾಣುತ್ತದೆ. ಅಂತರ್ಜಾಲದ ಹಿನ್ನೆಲೆ ನಕ್ಷೆ ಇದ್ದರೆ ಡಿಪಿಐ ಹೆಚ್ಚಿಸಿದಷ್ಟೂ ಅದರ ಮೇಲಿನ ಊರಿನ ಹೆಸರುಗಳು ಓದಲಾರದಷ್ಟು ಚಿಕ್ಕದಾಗುತ್ತವೆ. ಅಂಥ ಕಡೆ 150ಕ್ಕೆ ಇಳಿಸಿ ನೋಡುವುದೇ ಮೇಲು. ಡಿಪಿಐ ಬದಲಿಸಿದರೆ ನಕ್ಷೆಯ ಸ್ಕೇಲ್ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ.

ನಿಜವಾದ ಪೆಟ್ಟು ಬೀಳುವುದು ಮುದ್ರಣದ ಅಂಗಡಿಯಲ್ಲಿ. ಪಿಡಿಎಫ್ ತೆರೆದು ಪ್ರಿಂಟ್ ಒತ್ತಿದಾಗ ಎಷ್ಟೋ ಕಡೆ Fit ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಪ್ರಿಂಟರ್ ಹಾಳೆಯ ಅಂಚಿನವರೆಗೆ ಮುದ್ರಿಸಲಾರದು, ಹಾಗಾಗಿ ಇಡೀ ಪುಟವನ್ನು ಸ್ವಲ್ಪ ಕುಗ್ಗಿಸುತ್ತದೆ. ನೂರಕ್ಕೆ ತೊಂಬತ್ತಾರಕ್ಕೆ ಇಳಿಯಿತೆನ್ನಿ, ಕಿಲೋಮೀಟರಿಗೆ 7.68 ಸೆಂ.ಮೀ. ಆಗಿ ಸ್ಕೇಲ್ 1:13,000 ದಾಟುತ್ತದೆ. ಎ3 ಇಲ್ಲವೆಂದು ಎ4 ಹಾಳೆಗೆ ಇಳಿಸಿಬಿಟ್ಟರೆ ಸ್ಕೇಲ್ ಸುಮಾರು 1:17,700ಕ್ಕೆ ಹೋಗುತ್ತದೆ. ಎರಡೂ ಸಲ ಹಾಳೆಯ ಮೂಲೆಯಲ್ಲಿ 1:12,500 ಎಂದೇ ಅಚ್ಚಾಗಿರುತ್ತದೆ. ಆ ಅಕ್ಷರಗಳಿಗೆ ಹಾಳೆ ಕುಗ್ಗಿದ್ದು ಗೊತ್ತಾಗುವುದಿಲ್ಲ.

ಸ್ಕೇಲ್ ಬಾರ್ ಬೇಕಾಗುವುದು ಇದಕ್ಕೇ. ನಕ್ಷೆ ಕುಗ್ಗಿದರೆ ಅದೂ ಅಷ್ಟೇ ಕುಗ್ಗುತ್ತದೆ, ಒಂದು ಕಿಲೋಮೀಟರ್ ಎಂದು ಬರೆದ ಪಟ್ಟಿ ಒಂದು ಕಿಲೋಮೀಟರನ್ನೇ ತೋರಿಸುತ್ತಿರುತ್ತದೆ. ಆದರೆ ಅದನ್ನು ನಕ್ಷೆಗೆ ಜೋಡಿಸಿ ತಂತ್ರಾಂಶದಿಂದಲೇ ಬರೆಸಬೇಕು. ಬೇರೆಡೆಯಿಂದ ತಂದು ಅಂಟಿಸಿದ್ದಕ್ಕೆ ಈ ಗುಣವಿಲ್ಲ.

ಅಂಗಡಿಯಲ್ಲಿ Actual size ಅಥವಾ 100% ಎಂದು ಕೇಳಿ, ಮೊದಲು ಒಂದೇ ಪ್ರತಿ ತೆಗೆಸಿ, ಶಾಲಾ ಮಕ್ಕಳ ಸ್ಕೇಲಿನಿಂದ ಆ ಒಂದು ಕಿಲೋಮೀಟರಿನ ಪಟ್ಟಿಯನ್ನು ಅಳೆಯಬೇಕು. ಸರಿಯಾಗಿ 8 ಸೆಂ.ಮೀ. ಬಂದರೆ ಉಳಿದ ಪ್ರತಿಗಳಿಗೆ ಹೇಳಬಹುದು. 7.7 ಬಂದರೆ ಪ್ರಿಂಟರ್ ಕುಗ್ಗಿಸಿದೆ; 8.3 ಬಂದರೆ ತಪ್ಪಿರುವುದು ಪ್ರಕ್ಷೇಪ, ಅಂಗಡಿಯವರದಲ್ಲ. ಪ್ರತಿಗಳು ಮುಂದೆ ಜೆರಾಕ್ಸ್ ಆಗಿ ಹಂಚಿಹೋಗುವಂತಿದ್ದರೆ ಸಂಖ್ಯೆಯನ್ನು ಬರಿದೆ ಬಿಡದೆ, ‘ಎ3 ಹಾಳೆಯಲ್ಲಿ ಮುದ್ರಿಸಿದಾಗ 1:12,500’ ಎಂದು ಬಾರಿನ ಪಕ್ಕದಲ್ಲೇ ಬರೆಯಿಸುವುದು ಒಳ್ಳೆಯದು.